ಶುಕ್ರವಾರ ಸಂಜೆಯ ಶಬ್ಬಾತ್ ಮೇಜು: ದೀಪ, ದ್ರಾಕ್ಷಾರಸ, ರೊಟ್ಟಿಯ ಪ್ರಾರ್ಥನೆಗಳ ಕ್ರಮ ಮತ್ತು ಅರ್ಥ

ಮಂಗಳೂರು, ಉಡುಪಿ ಕಡೆಯಿಂದ ಇಸ್ರೇಲಿಗೆ ಬಂದು ವಯಸ್ಸಾದವರ ಆರೈಕೆ ಮಾಡುವ ನಮ್ಮವರು ಅನೇಕರಿದ್ದಾರೆ. ಕೆಲಸಕ್ಕೆ ಸೇರಿದ ವಾರದಲ್ಲೇ ಶುಕ್ರವಾರ, ಯೆಹೂದ್ಯರ ವಾರದ ವಿಶ್ರಾಂತಿಯ ದಿನವಾದ ಶಬ್ಬಾತ್ ಶುರುವಾಗುವ ದಿನ, ಬಂದುಬಿಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಮನೆಯಲ್ಲಿ ಗಡಿಬಿಡಿ, ಸಂಜೆ ಹೊತ್ತಿಗೆ ಎಲ್ಲವೂ ನಿಶ್ಶಬ್ದ. ಯಾವುದನ್ನು ಮುಟ್ಟಬಹುದು, ಯಾವಾಗ ಮಾತಾಡಬಾರದು, ಮೇಜಿನ ಮೇಲೆ ಏನೇನು ಇರಬೇಕು ಎಂದು ಬಿಡಿಸಿ ಹೇಳುವ ವ್ಯವಧಾನ ಆಗ ಮನೆಯವರಿಗೂ ಇರುವುದಿಲ್ಲ. ಈ ಬರಹ ಮುಖ್ಯವಾಗಿ ಅಂಥವರಿಗಾಗಿ. ಯೆಹೂದ್ಯ ಸ್ನೇಹಿತರ ಮನೆಗೆ ಶುಕ್ರವಾರದ ಊಟಕ್ಕೆ ಹೋಗುವವರಿಗೂ ಇದು ಉಪಯೋಗಕ್ಕೆ ಬಂದೀತು.

ಮೊದಲು ತಿಳಿದಿರಬೇಕಾದ್ದು ಒಂದಿದೆ. ನಮ್ಮಲ್ಲಿ ನೈವೇದ್ಯ ಮಾಡಿದ ಮೇಲೆ ಅನ್ನ ಪ್ರಸಾದವಾಗುತ್ತದೆ. ಇಲ್ಲಿ ಹಾಗಲ್ಲ. ದೀಪವನ್ನಾಗಲಿ ರೊಟ್ಟಿಯನ್ನಾಗಲಿ ದೇವರಿಗೆ ಅರ್ಪಿಸುವುದಿಲ್ಲ. ಇವರು ಬ್ರಾಖಾ ಎನ್ನುವ ಸ್ತುತಿವಚನ ಇರುವುದು ವಸ್ತುವಿನ ಮೇಲಲ್ಲ, ದೇವರ ಕುರಿತು. ‘ಜಗದೊಡೆಯನಾದ ನಮ್ಮ ದೇವರೇ, ನಿನಗೆ ಸ್ತುತಿ’ ಎಂದು ಹೇಳಿ, ಆ ಕ್ಷಣವೇ ಆ ಕೆಲಸ ಮಾಡಬೇಕು. ಹೇಳುವುದಕ್ಕೂ ಮಾಡುವುದಕ್ಕೂ ನಡುವೆ ಬೇರೆ ಮಾತು ಬರಬಾರದು. ಸಂಜೆಯ ನಿಯಮಗಳಲ್ಲಿ ಅರ್ಧಕ್ಕರ್ಧ ಇದರಿಂದಲೇ ಹುಟ್ಟಿದವು.

ಗಡಿಯಾರದಿಂದ ಶುರು ಮಾಡಿ

ಶಬ್ಬಾತ್ ಶುಕ್ರವಾರದ ಸೂರ್ಯಾಸ್ತಕ್ಕೆ ಆರಂಭವಾಗಿ ಶನಿವಾರ ರಾತ್ರಿ ಮೂರು ನಕ್ಷತ್ರ ಕಾಣುವವರೆಗೆ ಇರುತ್ತದೆ. ಆರಂಭವಾದ ಮೇಲೆ ಬೆಂಕಿ ಹೊತ್ತಿಸುವಂತಿಲ್ಲ, ಆರಿಸುವಂತಿಲ್ಲ. ಆದ್ದರಿಂದ ದೀಪವನ್ನು ಸೂರ್ಯಾಸ್ತಕ್ಕೆ ಸಾಮಾನ್ಯವಾಗಿ 18 ನಿಮಿಷ ಮೊದಲೇ ಹಚ್ಚುತ್ತಾರೆ. ಜೆರುಸಲೇಮಿನಲ್ಲಿ 40 ನಿಮಿಷ, ಹೈಫಾದಲ್ಲಿ 30 ನಿಮಿಷ ಮೊದಲು ಹಚ್ಚುವ ರೂಢಿ ಇದೆ. ಬೆಂಗಳೂರಿನಲ್ಲಿ ಒಂದು ಶುಕ್ರವಾರ ಸೂರ್ಯಾಸ್ತ 6:10ಕ್ಕೆ ಎಂದಾದರೆ 5:52ಕ್ಕೆ ದೀಪ ಬೆಳಗಬೇಕು. ಈ ಹೊತ್ತು ವಾರವಾರವೂ ಬದಲಾಗುತ್ತದೆ, ಕಳೆದ ವಾರದ್ದನ್ನು ನಂಬಿ ಕೂರಬಾರದು.

ಹಚ್ಚುವ ಹೊತ್ತು ಗೊತ್ತಾದರೆ ಸಾಲದು, ಆರುವ ಹೊತ್ತನ್ನೂ ಲೆಕ್ಕ ಹಾಕಬೇಕು. ಈ ದೀಪ ಬರೀ ಸಂಕೇತವಲ್ಲ. ಕತ್ತಲಲ್ಲಿ ಎಡವಿ ಬೀಳದೆ, ಮುನಿಸಿಲ್ಲದೆ ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣಲಿ ಎಂಬ ಉದ್ದೇಶ ಇದರದು. ಮನೆಯ ನೆಮ್ಮದಿಗಾಗಿ ಈ ದೀಪ ಎಂಬ ಮಾತು ಇವರ ಹಳೆಯ ಶಾಸ್ತ್ರಗ್ರಂಥವಾದ ತಾಲ್ಮುದಿನಲ್ಲೇ ಇದೆ. ಅದಕ್ಕೇ ಊಟ ಮುಗಿಯುವವರೆಗಾದರೂ ಅದು ಉರಿಯಬೇಕು. ಜೆರುಸಲೇಮಿನ ಒಂದು ಚಳಿಗಾಲದ ಶುಕ್ರವಾರ ಸೂರ್ಯಾಸ್ತ 4:40ಕ್ಕೆ ಎಂದಿಟ್ಟುಕೊಳ್ಳಿ. ದೀಪ ಹಚ್ಚುವುದು 4:00ಕ್ಕೆ. ಪ್ರಾರ್ಥನಾಲಯವಾದ ಸಿನಗಾಗಿಗೆ ಹೋದವರು ಬಂದು ಮೇಜಿಗೆ ಕೂರುವಾಗ 5:45. ಊಟ ಮುಗಿಯುವಾಗ 7:30. ಅಂದರೆ ಮೂರೂವರೆ ಗಂಟೆ ಉರಿಯುವ ಮೇಣದಬತ್ತಿಯೂ ಅಂಚಿಗೆ ಬರುತ್ತದೆ, ನಾಲ್ಕು ಗಂಟೆಯದ್ದನ್ನೇ ತರಬೇಕು. ಅಗ್ಗದ ಸಣ್ಣ ಬತ್ತಿ ತಂದು, ಸಾರು ಬಡಿಸುವಾಗಲೇ ದೀಪ ನಂದಿದರೆ ಮತ್ತೆ ಹಚ್ಚುವ ದಾರಿ ಇಲ್ಲ. ಎಣ್ಣೆಯ ದೀಪವಾದರೆ ಹಿಂದಿನ ವಾರ ಎಷ್ಟು ಎಣ್ಣೆಗೆ ಎಷ್ಟು ಹೊತ್ತು ಉರಿಯಿತು ಎಂದು ಗಮನಿಸಿಟ್ಟುಕೊಂಡರೆ ಸಾಕು.

ದೀಪ ಹಚ್ಚುವುದು

ಕನಿಷ್ಠ ಎರಡು ದೀಪ. ದಶಾಜ್ಞೆಗಳು ಯೆಹೂದ್ಯರ ಮೂಲ ಧರ್ಮಗ್ರಂಥವಾದ ತೋರಾದಲ್ಲಿ ಎರಡು ಕಡೆ ಬರುತ್ತವೆ. ವಿಮೋಚನಕಾಂಡದಲ್ಲಿ ಈ ದಿನವನ್ನು ‘ನೆನಪಿನಲ್ಲಿಡು’ ಎಂದಿದ್ದರೆ ಧರ್ಮೋಪದೇಶಕಾಂಡದಲ್ಲಿ ‘ಕಾಪಾಡು’ ಎಂದಿದೆ. ಒಂದೊಂದು ಮಾತಿಗೆ ಒಂದೊಂದು ದೀಪ. ಕೆಲವು ಮನೆಗಳಲ್ಲಿ ಮಗು ಹುಟ್ಟಿದಂತೆಲ್ಲ ಒಂದೊಂದು ದೀಪ ಸೇರಿಸುತ್ತಾರೆ, ಹಾಗಾಗಿ ಐದಾರು ಕಂಡರೂ ಅಚ್ಚರಿಪಡಬೇಡಿ. ಆಲಿವ್ ಎಣ್ಣೆ ಶ್ರೇಷ್ಠ ಎನ್ನುತ್ತಾರಾದರೂ ಮೇಣದಬತ್ತಿಯೂ ನಡೆಯುತ್ತದೆ. ಕೊಂಕಣದ ಬೆನೆ ಇಸ್ರೇಲ್ ಯೆಹೂದ್ಯರು ತಲೆತಲಾಂತರದಿಂದ ತೆಂಗಿನೆಣ್ಣೆಯಲ್ಲೇ ಹಚ್ಚಿದವರು.

ಬತ್ತಿ ಹೊಸೆದು, ಎಣ್ಣೆ ಹಾಕಿ, ಬೆಂಕಿಪೊಟ್ಟಣ ಪಕ್ಕಕ್ಕಿಟ್ಟು ಎಲ್ಲವನ್ನೂ ಅಣಿ ಮಾಡುವುದು ನಿಮ್ಮ ಕೆಲಸವಾಗಬಹುದು. ಆದರೆ ಹಚ್ಚಬೇಕಾದವರು ಆ ಮನೆಯ ಯೆಹೂದ್ಯರೇ. ಸಾಮಾನ್ಯವಾಗಿ ಮನೆಯ ಹೆಂಗಸರು ಹಚ್ಚುತ್ತಾರೆ, ಅವರಿಲ್ಲದಿದ್ದರೆ ಗಂಡಸರು. ಅಜ್ಜಿಗೆ ಕೈ ನಡುಗುತ್ತದೆಂದು ನೀವೇ ಹಚ್ಚಿಕೊಟ್ಟರೆ ಆಕೆಯ ಕರ್ತವ್ಯ ಪೂರೈಸಿದಂತಾಗುವುದಿಲ್ಲ. ಉದ್ದ ಕಡ್ಡಿಯ ಬೆಂಕಿಪೊಟ್ಟಣ ತನ್ನಿ, ದೀಪದ ಕಂಬವನ್ನು ಕೂತಲ್ಲಿಗೆ ಎಟಕುವಂತೆ ಇಡಿ, ಬೇಕಾದರೆ ಮೊಣಕೈಗೆ ಆಧಾರ ಕೊಡಿ. ದೀಪಗಳ ಕೆಳಗೆ ಲೋಹದ ತಟ್ಟೆ ಇರಲೇಬೇಕು. ಅದು ಮೇಣಕ್ಕಷ್ಟೇ ಅಲ್ಲ ಎಂಬುದು ಮುಂದೆ ತಿಳಿಯುತ್ತದೆ.

ಬ್ರಾಖಾ ಹೀಗಿದೆ:

ಬಾರೂಖ್ ಅತ್ತಾ ಅದೋನಾಯ್, ಎಲೋಹೇನು ಮೆಲೆಖ್ ಹಾ-ಓಲಾಮ್, ಅಶೆರ್ ಕಿದ್ದೆಶಾನು ಬೆ-ಮಿಟ್ಸ್ವೋತಾವ್, ವೆ-ಟ್ಸಿವಾನು ಲೆಹದ್ಲೀಕ್ ನೇರ್ ಶೆಲ್ ಶಬ್ಬಾತ್.

ಅರ್ಥ: ಜಗದೊಡೆಯನಾದ ನಮ್ಮ ದೇವರಾದ ಕರ್ತನೇ, ನಿನಗೆ ಸ್ತುತಿ. ನಿನ್ನ ಆಜ್ಞೆಗಳಿಂದ ನಮ್ಮನ್ನು ಪವಿತ್ರಗೊಳಿಸಿ, ಶಬ್ಬಾತಿನ ದೀಪ ಹಚ್ಚಬೇಕೆಂದು ನಮಗೆ ಅಪ್ಪಣೆ ಕೊಟ್ಟವನು ನೀನು.

ಸಾಮಾನ್ಯವಾಗಿ ಮೊದಲು ಸ್ತುತಿ, ಆಮೇಲೆ ಕೆಲಸ. ಇಲ್ಲಿ ಯುರೋಪ್ ಮೂಲದ ಅಶ್ಕೆನಾಜಿ ಮನೆಗಳಲ್ಲಿ ಕ್ರಮ ತಿರುಗುಮುರುಗಾಗುತ್ತದೆ. ಈ ಸ್ತುತಿ ಹೇಳಿದೊಡನೆ ಹೇಳಿದವಳ ಮಟ್ಟಿಗೆ ಶಬ್ಬಾತ್ ಆರಂಭವಾಯಿತೆಂದೇ ಲೆಕ್ಕ. ಶಬ್ಬಾತ್ ಬಂದ ಮೇಲೆ ಬೆಂಕಿ ಹಚ್ಚುವುದು ಹೇಗೆ? ಅದಕ್ಕಾಗಿ ಮೊದಲು ಹಚ್ಚುತ್ತಾರೆ, ಕೂಡಲೇ ಎರಡೂ ಕೈಗಳಿಂದ ಕಣ್ಣು ಮುಚ್ಚಿಕೊಂಡು ಬ್ರಾಖಾ ಹೇಳುತ್ತಾರೆ, ಆಮೇಲೆ ಕಣ್ಣು ಬಿಟ್ಟು ಬೆಳಕು ನೋಡುತ್ತಾರೆ. ಬೆಳಕನ್ನು ಅನುಭವಿಸುವುದು ಸ್ತುತಿಯ ನಂತರವೇ ಆದ್ದರಿಂದ ಮೂಲ ಕ್ರಮವೂ ಉಳಿಯಿತು. ಸ್ಪೇನ್, ಪೋರ್ಚುಗಲ್ ಮೂಲದ ಸೆಫಾರ್ದಿ ಮನೆಗಳಲ್ಲಿ ಅನೇಕರು ಮೊದಲು ಬ್ರಾಖಾ ಹೇಳಿಯೇ ಹಚ್ಚುತ್ತಾರೆ. ಎರಡೂ ಸರಿ. ಆ ಮನೆಯ ರೂಢಿ ಯಾವುದು ಎಂದು ಒಮ್ಮೆ ಕೇಳಿ ತಿಳಿದುಕೊಳ್ಳಿ.

ನಾನು ನೋಡಿಕೊಳ್ಳುವ ಅಜ್ಜಿ ಕಡ್ಡಿ ಗೀರಿ ಎರಡೂ ಬತ್ತಿಗೆ ತಾಗಿಸಿದ ಮೇಲೆ ಅದನ್ನು ಊದುವುದಿಲ್ಲ. ಉರಿಯುತ್ತಿರುವಂತೆಯೇ ತಟ್ಟೆಯ ಮೇಲಿಟ್ಟುಬಿಡುತ್ತಾರೆ, ಅದು ತಾನಾಗಿ ಕರಿದಾಗುತ್ತದೆ. ಆಮೇಲೆ ಎರಡೂ ಅಂಗೈಗಳನ್ನು ಜ್ವಾಲೆಯ ಮೇಲೆ ಮೂರು ಸಲ ತಮ್ಮ ಕಡೆಗೆ ಬಳಸಿ ತಂದು, ಬೆಳಕನ್ನು ಬಾಚಿಕೊಂಡವರಂತೆ ಮುಖ ಮುಚ್ಚಿಕೊಳ್ಳುತ್ತಾರೆ. ಬ್ರಾಖಾ ಮುಗಿದರೂ ಕೈ ತೆಗೆಯುವುದಿಲ್ಲ. ಮಕ್ಕಳ, ಮೊಮ್ಮಕ್ಕಳ ಹೆಸರು ಹಿಡಿದು ಪಿಸುಗುಡುತ್ತಾರೆ. ಈ ಹೊತ್ತಿನಲ್ಲಿ ಮಾತ್ರೆಗೆಂದೋ ನೀರಿಗೆಂದೋ ಅವರನ್ನು ಕರೆಯಬೇಡಿ. ಕಡ್ಡಿ ಊದದಿರುವುದಕ್ಕೆ ಕಾರಣ ಗೊತ್ತಾಯಿತಲ್ಲ? ಶಬ್ಬಾತಿನೊಳಗೆ ಕಾಲಿಟ್ಟವರು ಬೆಂಕಿ ಆರಿಸುವಂತಿಲ್ಲ. ಲೋಹದ ತಟ್ಟೆ ಇರಬೇಕಾದ್ದು ಅದಕ್ಕೇ.

ಹೊತ್ತು ಮೀರಿದರೆ? 18 ನಿಮಿಷದ ಗುರುತು ದಾಟಿದ್ದರೂ ಸೂರ್ಯ ಮುಳುಗಿಲ್ಲದಿದ್ದರೆ ಹಚ್ಚಬಹುದು. ಸೂರ್ಯ ಮುಳುಗಿದ್ದರೆ ಹಚ್ಚಬಾರದು. ಆಗ ಹಚ್ಚುವುದು ಶಬ್ಬಾತನ್ನು ಬರಮಾಡಿಕೊಂಡಂತಲ್ಲ, ಮುರಿದಂತೆ. ಮರೆತು ದೀಪ ತಪ್ಪಿಸಿದ ಅಶ್ಕೆನಾಜಿ ಹೆಂಗಸರು ಅಂದಿನಿಂದ ಪ್ರತಿ ವಾರ ಒಂದು ದೀಪ ಹೆಚ್ಚಿಗೆ ಹಚ್ಚುವ ಹಳೆಯ ಪದ್ಧತಿ ಇದೆ. ಆಸ್ಪತ್ರೆಯಲ್ಲಿ ಬೆಂಕಿ ಹಚ್ಚಲು ಬಿಡುವುದಿಲ್ಲ. ಅಂಥಲ್ಲಿ ವಿದ್ಯುತ್ ದೀಪ ಹಚ್ಚಿ ಬ್ರಾಖಾ ಹೇಳಲು ಒಪ್ಪುವ ಧರ್ಮಗುರುಗಳು, ಅಂದರೆ ರಬ್ಬಿಗಳು, ಇದ್ದಾರೆ, ಮನೆಯವರು ತಮ್ಮ ರಬ್ಬಿಯನ್ನು ಕೇಳಿ ತೀರ್ಮಾನಿಸುತ್ತಾರೆ.

ಹಚ್ಚಿದ ಮೇಲೆ ಕಂಬವನ್ನೂ ತಟ್ಟೆಯನ್ನೂ ಶನಿವಾರ ರಾತ್ರಿಯವರೆಗೆ ಅಲ್ಲಾಡಿಸುವುದಿಲ್ಲ. ಪರದೆ, ಆಮ್ಲಜನಕದ ಉಪಕರಣ, ಗಾಳಿ ಬೀಸುವ ಕಿಟಕಿ ಇವುಗಳಿಂದ ದೂರ ಇರುವ ಜಾಗವನ್ನು ಮೊದಲೇ ಆರಿಸಿ. ಬೆಂಕಿ ಹತ್ತಿಕೊಳ್ಳುವ ಅಪಾಯ ಕಂಡರೆ ಮಾತ್ರ ಯಾರನ್ನೂ ಕೇಳದೆ ಆರಿಸಿ. ಪ್ರಾಣ ಉಳಿಸುವುದು ಶಬ್ಬಾತಿಗಿಂತ ದೊಡ್ಡದು ಎಂಬುದರಲ್ಲಿ ಇವರ ಶಾಸ್ತ್ರಕ್ಕೆ ಎರಡು ಮಾತಿಲ್ಲ.

ದ್ರಾಕ್ಷಾರಸದ ಮೇಲೆ ಕಿದ್ದುಶ್

ದೀಪ ಹಚ್ಚಿದ ಮೇಲೆ ಸಂಜೆಯ ಪ್ರಾರ್ಥನೆ. ಮೇಜಿಗೆ ಬಂದಾಗ ದೇವದೂತರನ್ನು ಸ್ವಾಗತಿಸುವ ಹಾಡು, ಮನೆಯೊಡತಿಯ ಗುಣಗಾನಕ್ಕೆ ಜ್ಞಾನೋಕ್ತಿಗಳ 31ನೇ ಅಧ್ಯಾಯದ ಪದ್ಯಗಳು, ಮಕ್ಕಳ ತಲೆಯ ಮೇಲೆ ಕೈಯಿಟ್ಟು ಹರಸುವುದು ಇವೆಲ್ಲ ಬೇಗ ಬೇಗ ಆಗುತ್ತವೆ. ಆಮೇಲೆ ಕಿದ್ದುಶ್, ಅಂದರೆ ದ್ರಾಕ್ಷಾರಸದ ಬಟ್ಟಲು ಹಿಡಿದು ಈ ದಿನವನ್ನು ಪವಿತ್ರವೆಂದು ಸಾರುವ ಪ್ರಾರ್ಥನೆ.

ಮೇಜಿನ ಮೇಲೆ ಎರಡು ರೊಟ್ಟಿಗಳನ್ನು ಬಟ್ಟೆ ಮುಚ್ಚಿ ಇಟ್ಟಿರಬೇಕು. ಸಾಧಾರಣ ಊಟದಲ್ಲಿ ರೊಟ್ಟಿಯ ಸ್ತುತಿಗೇ ಮೊದಲ ಸ್ಥಾನ. ಇಂದು ದ್ರಾಕ್ಷಾರಸ ಅದನ್ನು ಹಿಂದಿಕ್ಕಿ ಮುಂದೆ ಹೋಗುತ್ತದೆ, ಅದನ್ನು ಕಂಡು ರೊಟ್ಟಿಗೆ ಅವಮಾನವಾಗದಿರಲಿ ಎಂದು ಮುಚ್ಚುತ್ತಾರಂತೆ. ಜೀವವಿಲ್ಲದ ರೊಟ್ಟಿಯ ಮಾನವನ್ನೂ ಕಾಯುವವರು ಮೇಜಿನ ಸುತ್ತ ಕೂತವರ ಮಾನವನ್ನು ಎಷ್ಟು ಕಾಯಬೇಕು ಎಂದು ಮಕ್ಕಳಿಗೆ ಕಲಿಸುವುದೂ ಈ ಬಟ್ಟೆಯಿಂದಲೇ. ನನಗೆ ಇಡೀ ಸಂಜೆಯಲ್ಲಿ ಅತ್ಯಂತ ಪ್ರಿಯವಾದ ವಿವರ ಇದು.

ಬಟ್ಟಲು ಒಡಕು, ಬಿರುಕು ಇಲ್ಲದ್ದಾಗಿರಬೇಕು, ತೊಳೆದಿರಬೇಕು. ಅದು ಎಷ್ಟು ಹಿಡಿಸಬೇಕು ಎಂಬುದಕ್ಕೆ ಎರಡು ಲೆಕ್ಕಗಳಿವೆ: ಒಂದರ ಪ್ರಕಾರ 86 ಮಿಲಿ, ಇನ್ನೊಂದರ ಪ್ರಕಾರ 150 ಮಿಲಿ. 150 ಹಿಡಿಸುವ ಬಟ್ಟಲಿದ್ದರೆ ಯಾರಿಗೂ ತಕರಾರಿಲ್ಲ. ಅಂಚಿನವರೆಗೆ ತುಂಬಿ, ಬಲಗೈಯಲ್ಲಿ ಹಿಡಿದು, ಮೇಜಿನಿಂದ ನಾಲ್ಕು ಬೆರಳಿನಷ್ಟು ಎತ್ತುತ್ತಾರೆ. ಕೆಲವರು ನಿಂತು ಹೇಳುತ್ತಾರೆ, ಕೆಲವರು ಕೂತು.

ಕಿದ್ದುಶ್‌ನಲ್ಲಿ ಮೂರು ಭಾಗಗಳಿವೆ. ಮೊದಲನೆಯದು ಆದಿಕಾಂಡ 2ನೇ ಅಧ್ಯಾಯದ ಮೊದಲ ಮೂರು ವಚನ: ಆಕಾಶ ಭೂಮಿಗಳು ಪೂರ್ಣವಾದವು, ಏಳನೆಯ ದಿನ ದೇವರು ತನ್ನ ಕೆಲಸ ನಿಲ್ಲಿಸಿ ಆ ದಿನವನ್ನು ಹರಸಿ ಪವಿತ್ರಗೊಳಿಸಿದನು. ಎರಡನೆಯದು ದ್ರಾಕ್ಷಿಯ ಪುಟ್ಟ ಸ್ತುತಿ:

ಬಾರೂಖ್ ಅತ್ತಾ ಅದೋನಾಯ್, ಎಲೋಹೇನು ಮೆಲೆಖ್ ಹಾ-ಓಲಾಮ್, ಬೋರೇ ಪ್ರೀ ಹ-ಗಾಫೆನ್.

ಅಂದರೆ, ‘ದ್ರಾಕ್ಷಿಬಳ್ಳಿಯ ಫಲವನ್ನು ಸೃಷ್ಟಿಸುವವನೇ, ನಿನಗೆ ಸ್ತುತಿ’. ಕೇಳುವವರು ಆಮೇನ್ ಎನ್ನುತ್ತಾರೆ. ಮೂರನೆಯದು ಉದ್ದವಾದದ್ದು, ಇಡೀ ದಿನದ ತಿರುಳು ಇರುವುದು ಅದರಲ್ಲೇ. ನೀನು ನಮ್ಮನ್ನು ಮೆಚ್ಚಿ ಪ್ರೀತಿಯಿಂದ ಈ ಪವಿತ್ರ ಶಬ್ಬಾತನ್ನು ನಮಗೆ ವಂಶದ ಸ್ವತ್ತಾಗಿ ಕೊಟ್ಟೆ ಎಂದು ಹೇಳಿ, ಅದಕ್ಕೆ ಎರಡು ನೆನಪುಗಳನ್ನು ಕೂಡಿಸುತ್ತದೆ. ಒಂದು ಸೃಷ್ಟಿಯ ನೆನಪು, ಇನ್ನೊಂದು ಈಜಿಪ್ಟಿನಿಂದ ಹೊರಬಂದ ನೆನಪು. ‘ಮೆಕದ್ದೇಶ್ ಹ-ಶಬ್ಬಾತ್’, ಶಬ್ಬಾತನ್ನು ಪವಿತ್ರಗೊಳಿಸುವವನೇ, ಎಂದು ಮುಗಿಯುತ್ತದೆ.

ಈ ಎರಡು ನೆನಪುಗಳು ಬಂದದ್ದು ದಶಾಜ್ಞೆಯ ಆ ಎರಡು ಪಾಠಗಳಿಂದಲೇ. ವಿಮೋಚನಕಾಂಡ ಕೊಡುವ ಕಾರಣ ದೇವರು ಏಳನೆಯ ದಿನ ವಿಶ್ರಮಿಸಿದ್ದು. ಧರ್ಮೋಪದೇಶಕಾಂಡದ ಕಾರಣ ಬೇರೆ: ನೀನು ಈಜಿಪ್ಟಿನಲ್ಲಿ ದಾಸನಾಗಿದ್ದೆ, ಅದನ್ನು ನೆನಪಿಡು, ನಿನ್ನ ದಾಸ ದಾಸಿಯರೂ ನಿನ್ನಂತೆಯೇ ವಿಶ್ರಮಿಸಲಿ. ದಾಸನಿಗೆ ತನ್ನ ಹೊತ್ತಿನ ಮೇಲೆ ಹಕ್ಕಿರುವುದಿಲ್ಲ. ವಾರಕ್ಕೊಂದು ದಿನ ಕೆಲಸ ನಿಲ್ಲಿಸಬಲ್ಲವನು ಬಿಡುಗಡೆಯಾದವನು. ಆ ಆಜ್ಞೆ ನಿನ್ನ ಊರಲ್ಲಿರುವ ಪರದೇಶಿಯನ್ನೂ ವಿಶ್ರಾಂತಿಯ ಲೆಕ್ಕಕ್ಕೆ ಸೇರಿಸುತ್ತದೆ. ಪರದೇಶದಲ್ಲಿ ದುಡಿಯುವ ನಾವು ಆ ಸಾಲನ್ನು ತಿಳಿದಿರುವುದು ಒಳ್ಳೆಯದು.

ಹೇಳಿ ಮುಗಿಸಿದವರು ಕೂತು, ಒಂದು ಕೆನ್ನೆ ತುಂಬುವಷ್ಟಾದರೂ, ಅಂದರೆ ಆ 86 ಮಿಲಿಯ ಅರ್ಧಕ್ಕಿಂತ ಹೆಚ್ಚು, ಕುಡಿಯಬೇಕು. ಉಳಿದದ್ದನ್ನು ಎಲ್ಲರಿಗೂ ಹಂಚುತ್ತಾರೆ. ಸಕ್ಕರೆ ಕಾಯಿಲೆ ಇರುವವರು ಅಥವಾ ಮಾತ್ರೆಯ ಕಾರಣ ಮದ್ಯ ಕೂಡದವರು ತಾವೇ ಕುಡಿಯಬೇಕೆಂದಿಲ್ಲ. ಕಿದ್ದುಶ್ ಕೇಳಿದ ಇನ್ನೊಬ್ಬ ಯೆಹೂದ್ಯರು ಆ ಅಳತೆ ಕುಡಿದರೂ ಆಯಿತು. ಹುಳಿ ಬರದ ದ್ರಾಕ್ಷಿ ರಸವೂ ನಡೆಯುತ್ತದೆ. ಒಂಟಿಯಾಗಿರುವ ಅಜ್ಜಿ ಗಂಡಸರಿಗಾಗಿ ಕಾಯಬೇಕಿಲ್ಲ. ಕಿದ್ದುಶ್ ಹೆಂಗಸರಿಗೂ ಅಷ್ಟೇ ಕಡ್ಡಾಯ, ತಾವೇ ಹೇಳಿಕೊಳ್ಳಬಹುದು. ಹೇಳಿದ ಜಾಗದಲ್ಲೇ ಊಟವೂ ಆಗಬೇಕು ಎಂಬುದೊಂದು ನಿಯಮ. ಹಾಸಿಗೆಯಲ್ಲೇ ಊಟ ಮಾಡುವವರಾದರೆ ಬಟ್ಟಲನ್ನೂ ಅಲ್ಲಿಗೇ ಒಯ್ಯಿರಿ.

ಹೊಸಬರು ಹೆಚ್ಚಾಗಿ ಎಡವುವುದು ಬಾಟಲಿಯಲ್ಲಿ. ಕಟ್ಟುನಿಟ್ಟಿನ ಮನೆಗಳಲ್ಲಿ, ಕಾಯಿಸದ ದ್ರಾಕ್ಷಾರಸದ ಮುಚ್ಚಳ ತೆಗೆದ ಮೇಲೆ ಯೆಹೂದ್ಯರಲ್ಲದವರು ಅದನ್ನು ಬಗ್ಗಿಸಿದರೆ ಅದು ಮತ್ತೆ ಬಳಕೆಗೆ ಬರುವುದಿಲ್ಲ. ಇದು ನಿಮ್ಮ ಕೈಯ ಮಡಿ ಮೈಲಿಗೆಯ ವಿಚಾರವಲ್ಲ. ಹಿಂದಿನ ಕಾಲದಲ್ಲಿ ದ್ರಾಕ್ಷಾರಸವನ್ನು ಅನ್ಯದೇವತೆಗಳಿಗೆ ಎರೆಯುತ್ತಿದ್ದರು, ಒಟ್ಟಿಗೆ ಕುಡಿಯುವುದರಿಂದ ಬೇರೆ ಸಮಾಜದೊಡನೆ ಮದುವೆ ಸಂಬಂಧ ಬೆಳೆದೀತು ಎಂಬ ಆತಂಕವೂ ಇತ್ತು, ಅಲ್ಲಿಂದ ಬಂದ ಕಟ್ಟಳೆ. ಬಾಟಲಿಯ ಮೇಲೆ ‘ಮೆವುಶಾಲ್’, ಅಂದರೆ ಕಾಯಿಸಿದ್ದು, ಎಂದಿದ್ದರೆ ಈ ತೊಡಕಿಲ್ಲ. ಗೊತ್ತಾಗದಿದ್ದರೆ ಬಾಟಲಿಯ ಮುಚ್ಚಳ ತೆಗೆಯದೆ ಮೇಜಿಗಿಟ್ಟು, ಬಗ್ಗಿಸುವುದನ್ನು ಅವರಿಗೇ ಬಿಡಿ.

ದ್ರಾಕ್ಷಾರಸ ಸಿಗದ ಊರಲ್ಲಿ

ಶನಿವಾರ ಗಾಣ ನಿಲ್ಲಿಸುತ್ತಿದ್ದ ಕಾರಣಕ್ಕೆ ಕೊಂಕಣದಲ್ಲಿ ‘ಶನಿವಾರ ತೇಲಿ’ ಎನಿಸಿಕೊಂಡ ಬೆನೆ ಇಸ್ರೇಲ್ ಜನ ಒಣದ್ರಾಕ್ಷಿಯ ಶರಬತ್ತಿನ ಮೇಲೆ ಕಿದ್ದುಶ್ ಹೇಳುತ್ತಾರೆ. ಇದು ಇಲ್ಲದ್ದಕ್ಕೆ ಹುಡುಕಿದ ಉಪಾಯವಷ್ಟೇ ಅಲ್ಲ, ಒಣದ್ರಾಕ್ಷಿಯ ರಸಕ್ಕೆ ತಾಲ್ಮುದಿನಲ್ಲೇ ಆಧಾರವಿದೆ. ಒಣದ್ರಾಕ್ಷಿ ನೆನೆಸುವ ಮೊದಲೇ ಹಿಸುಕಿದರೆ ತೇವ ಜಿನುಗುವಂತಿರಬೇಕು, ಕಲ್ಲಿನಂತೆ ಒಣಗಿದ್ದು ಆಗದು. ನೀರು ದ್ರಾಕ್ಷಿಯ ಆರು ಪಟ್ಟು ಮುಟ್ಟಬಾರದು. ಒಂದು ಲೋಟ ಕಪ್ಪು ಒಣದ್ರಾಕ್ಷಿಗೆ ಮೂರು ಲೋಟ ನೀರು ಹಾಕಿದರೆ ನಿಯಮಕ್ಕೂ ಸರಿ, ರುಚಿಗೂ ಸರಿ. ಗುರುವಾರ ಸಂಜೆ ತೊಳೆದು ನೆನೆಹಾಕಿ, ಸೆಕೆಯ ಊರಾದರೆ ಫ್ರಿಜ್ಜಿನಲ್ಲಿಡಿ. ಶುಕ್ರವಾರ ಸಂಜೆ ದೀಪಕ್ಕೆ ಮೊದಲು ಕೈಯಲ್ಲಿ ಚೆನ್ನಾಗಿ ಕಿವುಚಿ ತೆಳು ಬಟ್ಟೆಯಲ್ಲಿ ಸೋಸಿ. ಶಬ್ಬಾತ್ ಬಂದ ಮೇಲೆ ಹಿಂಡುವುದು ನಿಷಿದ್ಧ. ಬ್ರಾಖಾ ಅದೇ, ಬೋರೇ ಪ್ರೀ ಹ-ಗಾಫೆನ್.

ಕೈ ತೊಳೆದು ರೊಟ್ಟಿ ಮುರಿಯುವುದು

ಕಿದ್ದುಶ್ ಆದ ಮೇಲೆ ಎಲ್ಲರೂ ಕೈ ತೊಳೆಯುತ್ತಾರೆ. ಉಂಗುರ ತೆಗೆದು, ಎರಡು ಹಿಡಿಕೆಯ ಚೊಂಬಿನಿಂದ ಬಲಗೈ ಮೇಲೆ ಮಣಿಕಟ್ಟಿನವರೆಗೆ ಎರಡೋ ಮೂರೋ ಸಲ, ಆಮೇಲೆ ಎಡಗೈ ಮೇಲೆ ಅಷ್ಟೇ ಸಲ ನೀರು ಸುರಿಯುವುದು. ಕೊಳೆ ಹೋಗಲೆಂದಲ್ಲ, ದೇವಾಲಯದ ಯಾಜಕರ ಶುದ್ಧಿಯ ನೆನಪಿಗೆ. ಇದಕ್ಕೂ ಒಂದು ಚಿಕ್ಕ ಬ್ರಾಖಾ ಇದೆ. ಅದನ್ನು ಹೇಳಿದಲ್ಲಿಂದ ರೊಟ್ಟಿ ಬಾಯಿಗೆ ಬೀಳುವವರೆಗೆ ಯಾರೂ ಮಾತಾಡುವುದಿಲ್ಲ. ನೀವು ಏನಾದರೂ ಕೇಳಿದಾಗ ಬರೀ ಕೈಸನ್ನೆ ಮಾಡಿದರೆ ಅದು ಸಿಟ್ಟಲ್ಲ. ಹೀಗಾಗಿ ಉಪ್ಪು, ಚಾಕು, ಹಲಗೆ ಇವನ್ನು ಮೊದಲೇ ಮೇಜಿಗೆ ತಂದಿಡಿ.

ಎರಡು ರೊಟ್ಟಿ ಯಾಕೆ? ಈಜಿಪ್ಟಿನಿಂದ ಹೊರಬಂದ ಇವರ ಪೂರ್ವಜರಿಗೆ ಮರುಭೂಮಿಯಲ್ಲಿ ಆಕಾಶದಿಂದ ಬಿದ್ದ ಆಹಾರವಾದ ಮನ್ನ ಶುಕ್ರವಾರ ಎರಡರಷ್ಟು ಸಿಗುತ್ತಿತ್ತು, ಶಬ್ಬಾತಿನಂದು ಬೀಳುತ್ತಿರಲಿಲ್ಲ. ಮನ್ನದ ಕೆಳಗೂ ಮೇಲೂ ಇಬ್ಬನಿಯ ಪದರ ಇತ್ತೆಂದು, ರೊಟ್ಟಿಯ ಕೆಳಗೂ ಮೇಲೂ ಬಟ್ಟೆ. ಹೆಣೆದು ಬೇಯಿಸಿದ ಹಲ್ಲಾ ಎಂಬ ರೊಟ್ಟಿಯೇ ಬೇಕೆಂದಿಲ್ಲ. ಎರಡೂ ಇಡಿಯಾಗಿರಬೇಕು ಎಂಬುದು ಮುಖ್ಯ. ತುದಿ ಮುರಿದದ್ದು, ಅನುಕೂಲಕ್ಕೆಂದು ಹೋಳು ಮಾಡಿಟ್ಟದ್ದು ಲೆಕ್ಕಕ್ಕೆ ಬರುವುದಿಲ್ಲ. ಧಾನ್ಯದ ವಿಷಯದಲ್ಲೂ ಎಚ್ಚರ ಬೇಕು. ಗೋಧಿ, ಬಾರ್ಲಿ, ರೈ, ಓಟ್ಸ್, ಗೋಧಿಯ ಜಾತಿಯದೇ ಆದ ಸ್ಪೆಲ್ಟ್ ಈ ಐದರ ರೊಟ್ಟಿಗೆ ಮಾತ್ರ ಈ ಬ್ರಾಖಾ ಸಲ್ಲುತ್ತದೆ. ನಮ್ಮ ಜೋಳದ ರೊಟ್ಟಿ, ರಾಗಿ ರೊಟ್ಟಿ, ಅಕ್ಕಿ ರೊಟ್ಟಿ ಎಷ್ಟೇ ರುಚಿಯಾಗಿದ್ದರೂ ಇದಕ್ಕೆ ಆಗುವುದಿಲ್ಲ.

ಮನೆಯ ಹಿರಿಯರು ಬಟ್ಟೆ ಸರಿಸಿ, ಕತ್ತರಿಸುವ ಜಾಗಕ್ಕೆ ಚಾಕುವಿನಿಂದ ತುಂಡಾಗದಷ್ಟು ಹಗುರವಾಗಿ ಗೀರು ಹಾಕಿ, ಎರಡೂ ರೊಟ್ಟಿಗಳನ್ನು ಹತ್ತು ಬೆರಳುಗಳಿಂದ ಹಿಡಿದೆತ್ತುತ್ತಾರೆ. ಬ್ರಾಖಾದಲ್ಲಿರುವುದೂ ಹತ್ತೇ ಪದ:

ಬಾರೂಖ್ ಅತ್ತಾ ಅದೋನಾಯ್, ಎಲೋಹೇನು ಮೆಲೆಖ್ ಹಾ-ಓಲಾಮ್, ಹ-ಮೋಟ್ಸೀ ಲೆಖೆಮ್ ಮಿನ್ ಹಾ-ಆರೆಟ್ಸ್.

‘ಭೂಮಿಯಿಂದ ರೊಟ್ಟಿಯನ್ನು ಹೊರತರುವವನೇ, ನಿನಗೆ ಸ್ತುತಿ.’ ಭೂಮಿಯಿಂದ ಬರುವುದು ಗೋಧಿ, ರೊಟ್ಟಿಯಲ್ಲ. ಉಳುವುದು, ಬಿತ್ತುವುದು, ಬೀಸುವುದು, ಬೇಯಿಸುವುದು ಎಲ್ಲ ಮನುಷ್ಯರ ದುಡಿಮೆ. ಆ ದುಡಿಮೆಯ ಫಲವೂ ಕೊಟ್ಟದ್ದೇ ಎಂದು, ದುಡಿಮೆ ನಿಲ್ಲಿಸಿದ ಸಂಜೆ ಒಪ್ಪಿಕೊಳ್ಳುವ ಮಾತು ಇದು. ಆಮೇನ್ ಆದ ಮೇಲೆ ಅಶ್ಕೆನಾಜಿಗಳು ರಾತ್ರಿ ಕೆಳಗಿನ ರೊಟ್ಟಿಯನ್ನು ಕತ್ತರಿಸಿ, ಯಜ್ಞವೇದಿಯ ಕಾಣಿಕೆಗೆ ಉಪ್ಪಿರಲೇಬೇಕೆಂದು ಯಾಜಕಕಾಂಡ ಹೇಳಿದ್ದರ ನೆನಪಿಗೆ ಉಪ್ಪಿಗೆ ಮೂರು ಸಲ ತಾಗಿಸಿ, ಮೊದಲು ತಾವು ತಿಂದು ಆಮೇಲೆ ಎಲ್ಲರಿಗೂ ಕೊಡುತ್ತಾರೆ.

ಅತಿಥಿಯಾಗಿ ಕೂತ ನಮಗೆ ಇವನ್ನೆಲ್ಲ ಹೇಳುವ ಕರ್ತವ್ಯವಿಲ್ಲ. ಆಮೇನ್ ಎಂದು, ಕೊಟ್ಟದ್ದನ್ನು ತೆಗೆದುಕೊಂಡರೆ ಸಾಕು. ಉಚ್ಚಾರಣೆ ಕಲಿಯುವಾಗ ‘ಅದೋನಾಯ್’ ಎಂಬಲ್ಲಿ ‘ಹಶೇಮ್’ ಎನ್ನಿ. ಕಾರಣವಿಲ್ಲದೆ ದೇವರ ಹೆಸರೆತ್ತುವುದನ್ನು ಇವರು ತಪ್ಪೆಂದು ಭಾವಿಸುತ್ತಾರೆ.

ದ್ರಾಕ್ಷಾರಸವೂ ಇಲ್ಲ, ಒಣದ್ರಾಕ್ಷಿಯೂ ಇಲ್ಲ ಎಂಬಂಥ ಶುಕ್ರವಾರ ಬಂದರೆ ರೊಟ್ಟಿಯ ಮೇಲೆಯೇ ಕಿದ್ದುಶ್ ಹೇಳಬಹುದು. ಆಗ ಕೈ ತೊಳೆಯುವುದು ಮೊದಲಾಗುತ್ತದೆ. ಆದಿಕಾಂಡದ ವಚನ ಹೇಳಿ, ದ್ರಾಕ್ಷಿಯ ಸ್ತುತಿ ಬರುವಲ್ಲಿ ರೊಟ್ಟಿಯ ಸ್ತುತಿ ಹೇಳಿ, ರೊಟ್ಟಿಯನ್ನು ಕತ್ತರಿಸದೆ ಹಿಡಿದುಕೊಂಡೇ ಉದ್ದದ ಬ್ರಾಖಾ ಮುಗಿಸಿ, ಆಮೇಲೆ ಕತ್ತರಿಸಿ ತಿನ್ನುತ್ತಾರೆ.